ಶಾಹಿ ತುಕ್ಡಾ ಒಂದು ಟ್ರೇ: ಕರಿಯುವುದರಿಂದ ಕತ್ತರಿಸುವವರೆಗೆ

ಬ್ರೆಡ್ಡನ್ನು ತುಪ್ಪದಲ್ಲಿ ಕರಿದು, ಹಾಲು ಕುಡಿಸಿ, ಮೇಲೆ ರಬಡಿ ಸುರಿಯುವ ಈ ಸಿಹಿ ಹುಬ್ಬಳ್ಳಿ–ಧಾರವಾಡದ ಮದುವೆ ಊಟದಲ್ಲೂ ರಮ್ಜಾನ್ ಹೊತ್ತಿನಲ್ಲೂ ಹೊಸದಲ್ಲ. ಮನೆಯಲ್ಲಿ ಮಾಡಿದಾಗ ಮಾತ್ರ ಸಾಮಾನ್ಯವಾಗಿ ಎರಡರಲ್ಲೊಂದು ಆಗುತ್ತದೆ. ಒಂದೋ ಬ್ರೆಡ್ಡು ಹಾಲಿನಲ್ಲಿ ಕರಗಿ ಗಂಜಿಯಾಗುತ್ತದೆ, ಇಲ್ಲವೇ ಮೇಲೆ ಮೆತ್ತಗಾಗಿ ನಡುವೆ ಒಣ ಬಿಳಿ ಪಟ್ಟಿ ಉಳಿದಿರುತ್ತದೆ. ನಮಗೆ ಬೇಕಾದದ್ದು ಬೇರೆ: ಚಾಕು ಹಾಕಿದರೆ ಅಂಚು ನೆಟ್ಟಗೆ ನಿಲ್ಲಬೇಕು, ಚಮಚ ಹಾಕಿದರೆ ತಡೆಯಿಲ್ಲದೆ ಇಳಿಯಬೇಕು, ತಟ್ಟೆಯ ತಳದಲ್ಲಿ ನೀರು ನಿಲ್ಲಬಾರದು. ಅದಕ್ಕೆ ಮುಖ್ಯವಾದದ್ದು ನೀರಿನ ಲೆಕ್ಕ. ಬ್ರೆಡ್ಡಿನಿಂದ ಎಷ್ಟು ನೀರು ತೆಗೆದಿರಿ, ಹಾಲಿನಿಂದ ಎಷ್ಟು ತೆಗೆದಿರಿ, ಮತ್ತೆ ಎಷ್ಟು ಒಳಗೆ ಬಿಟ್ಟಿರಿ ಎಂಬುದು ಗೊತ್ತಿದ್ದರೆ ಉಳಿದದ್ದು ರುಚಿಯ ವಿಚಾರ.

ಕೆಳಗಿನದು 20 ಸೆಂಟಿಮೀಟರ್ ಚೌಕದ, 5 ಸೆಂಟಿಮೀಟರ್ ಆಳದ ಒಂದು ಸ್ಟೀಲ್ ಟ್ರೇಯ ಕೆಲಸ. ಎಂಟು ಜನರಿಗೆ ಸಾಕು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು, ಏಕೆಂದರೆ ಇಲ್ಲಿ ಕಣ್ಣಳತೆ ಮೋಸ ಮಾಡುವ ಜಾಗಗಳು ಎರಡು ಮೂರು ಇವೆ.

ಸಾಮಾನು: ಬಿಳಿ ಸ್ಯಾಂಡ್‌ವಿಚ್ ಬ್ರೆಡ್ 8 ಹೋಳು, ಗಟ್ಟಿ ಹಾಲು 1 ಲೀಟರ್, ಸಕ್ಕರೆ 80 ಗ್ರಾಂ, ಕಸ್ಟರ್ಡ್ ಪುಡಿ 12 ಗ್ರಾಂ, ಕರಿಯಲು ತುಪ್ಪ 150 ಗ್ರಾಂ, ಯಾಲಕ್ಕಿ ನಾಲ್ಕು, ಒಂದು ಚಿಟಿಕೆ ಕೇಸರಿ, ಮೇಲೆ ಹಾಕಲು ಪಿಸ್ತಾ ಬಾದಾಮಿ. ಎರಡೋ ಮೂರೋ ಧಾರವಾಡ ಪೇಡೆ ಇದ್ದರೆ ಇರಲಿ, ಅದರ ಮಾತು ಕೊನೆಗೆ ಬರುತ್ತದೆ.

ಬ್ರೆಡ್ಡು: ಹಳೆಯದು ಬೇರೆ, ಒಣಗಿದ್ದು ಬೇರೆ

ಮಿಲ್ಕ್ ಬ್ರೆಡ್ ಬೇಡ. ಅದರಲ್ಲಿ ಸಕ್ಕರೆ ಜಾಸ್ತಿ, ಒಳಗಿನ ನೀರು ಹೋಗುವ ಮೊದಲೇ ಮೇಲೆ ಕೆಂಪಗಾಗಿಬಿಡುತ್ತದೆ. ಬ್ರೌನ್ ಬ್ರೆಡ್ಡಿನ ತೌಡು ಒಳಗಿನ ಜಾಲವನ್ನು ಅಲ್ಲಲ್ಲಿ ಕಡಿಯುವುದರಿಂದ ಹಾಲು ಕುಡಿದ ಮೇಲೆ ಅದು ಎತ್ತುವಾಗ ಹರಿಯುತ್ತದೆ. ಸಪ್ಪನೆಯ ಬಿಳಿ ಮೈದಾ ಬ್ರೆಡ್ಡೇ ಸರಿ. ಬೇಕರಿಯವರು ಕೊಯ್ಯದ ಇಡೀ ಬ್ರೆಡ್ ಕೊಡುವುದಾದರೆ ಇನ್ನೂ ಒಳ್ಳೆಯದು: ಮನೆಯಲ್ಲೇ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಕೊಯ್ದುಕೊಳ್ಳಬಹುದು. ಪ್ಯಾಕೆಟ್ಟಿನ ಹೋಳು ಇದಕ್ಕಿಂತ ಸ್ವಲ್ಪ ತೆಳು, ಆದರೂ ನಡೆಯುತ್ತದೆ. ಇಲ್ಲಿ ಕೊಟ್ಟ ಲೆಕ್ಕ ಪ್ಯಾಕೆಟ್ ಹೋಳಿನದೇ.

ಸುತ್ತಲಿನ ಕಂದು ಅಂಚನ್ನು ತೆಗೆಯಬೇಕು. ಉಳಿಸುವುದು ಎಂಬ ಆಸೆ ಇಲ್ಲಿ ಬೇಡ, ಅಂಚು ನಡುವಿನಷ್ಟು ಬೇಗ ಹಾಲು ಎಳೆಯುವುದಿಲ್ಲ, ಕೊನೆಗೆ ಚರ್ಮದ ಹಾಗೆ ಬಾಯಿಗೆ ಸಿಗುತ್ತದೆ. ಅಂಚು ತೆಗೆದ ಹೋಳು ಸುಮಾರು 22 ಗ್ರಾಂ. ಕರ್ಣಕ್ಕೆ ಸೀಳಿದರೆ 16 ತ್ರಿಕೋನ, ಒಟ್ಟು 176 ಗ್ರಾಂ. ಇದರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ನೀರೇ ಇರುತ್ತದೆ.

"ಹಳೆ ಬ್ರೆಡ್ಡು ತಗೊಳ್ರಿ" ಎನ್ನುವ ಮಾತು ಅರ್ಧ ಸರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಹಳೆಯದಾದ ಬ್ರೆಡ್ಡು ಕೈಗೆ ಗಟ್ಟಿ ಅನಿಸುತ್ತದೆ, ಆದರೆ ನೀರು ಒಳಗೇ ಇರುತ್ತದೆ. ಗಟ್ಟಿಯಾಗುವುದು ಪಿಷ್ಟ ಮತ್ತೆ ಹರಳುಗಟ್ಟುವುದರಿಂದ. ಫ್ರಿಜ್ಜಿನ ತಂಪಿನಲ್ಲಿ ಅದು ಇನ್ನೂ ಬೇಗ ಆಗುತ್ತದೆ. ಅಂಥ ಬ್ರೆಡ್ಡು ಬಿಸಿ ಹಾಲಿಗೆ ಬಿದ್ದರೆ ಆ ಗಟ್ಟಿತನ ಬಹುಪಾಲು ಕರಗಿ ಮತ್ತೆ ಮೆತ್ತಗಾಗುತ್ತದೆ. ನಮಗೆ ಬೇಕಾಗಿರುವುದು ನೀರು ಹೊರಗೆ ಹೋಗುವುದು.

ಮಾರ್ಚ್–ಏಪ್ರಿಲ್‌ನ ಗದಗಿನ ಒಣ ಗಾಳಿಯಲ್ಲಿ ತ್ರಿಕೋನಗಳನ್ನು ಜಾಳಿಯ ಮೇಲೆ ಹರವಿ ಫ್ಯಾನ್ ಹಾಕಿದರೆ ಮೂರು ನಾಲ್ಕು ತಾಸು ಸಾಕು. ಜುಲೈ–ಆಗಸ್ಟಿನ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇಡೀ ರಾತ್ರಿ ಇಟ್ಟರೂ ಒಣಗುವುದಿಲ್ಲ, ಮೇಲಾಗಿ ಬೂಸಲು ಹಿಡಿಯುವ ಭಯ. ಆಗ ದಪ್ಪ ತಳದ ತವೆಯನ್ನು ತೀರ ಸಣ್ಣ ಉರಿಯಲ್ಲಿಟ್ಟು, ತುಪ್ಪ ಹಾಕದೆ, ಬಣ್ಣ ಬಾರದ ಹಾಗೆ ಮಗುಚುತ್ತ ಆರೇಳು ನಿಮಿಷ ಆಡಿಸಬೇಕು. ಅಂಚನ್ನು ಉಗುರಿನಿಂದ ತಟ್ಟಿದರೆ ಟಕ್ ಎನ್ನಬೇಕು, ನಡುವೆ ಒತ್ತಿದರೆ ಇನ್ನೂ ಸ್ವಲ್ಪ ತಗ್ಗಬೇಕು. ತಕ್ಕಡಿಯಲ್ಲಿ 176 ಗ್ರಾಂ ಇದ್ದದ್ದು 150ಕ್ಕೆ ಬಂದಿದ್ದರೆ ನಿಲ್ಲಿಸಿ. ಉಳಿದ ನೀರನ್ನು ತುಪ್ಪ ತೆಗೆಯುತ್ತದೆ.

ಹಾಲು: ಒಂದು ಲೀಟರಿನಿಂದ 620 ಗ್ರಾಂಗೆ

ಕೊಬ್ಬು ಶೇ. 6, ಕೊಬ್ಬಲ್ಲದ ಘನಾಂಶ ಶೇ. 9 ಎಂದು ಬರೆದಿರುವ ಫುಲ್ ಕ್ರೀಮ್ ಪ್ಯಾಕೆಟ್ ಹಾಲನ್ನು ಇಟ್ಟುಕೊಂಡು ಈ ಲೆಕ್ಕ. ಗೌಳಿಗರ ಎಮ್ಮೆ ಹಾಲು ಸಿಕ್ಕರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಆದರೆ ಆ ಹಾಲಿಗೆ ನೀರು ಎಷ್ಟು ಬಿದ್ದಿದೆ ಎಂಬುದು ತಕ್ಕಡಿಗೆ ತಿಳಿಯದು. ಅದಕ್ಕೆ ತೂಕದ ಜೊತೆ ಸೌಟಿನ ಪರೀಕ್ಷೆಯನ್ನೂ ಮಾಡಬೇಕು: ಸೌಟಿನ ಬೆನ್ನಿಗೆ ಹಾಲು ತೆಳ್ಳಗೆ ಹತ್ತಿಕೊಂಡು ನಿಲ್ಲಬೇಕು, ಬೆರಳಿನಿಂದ ಗೆರೆ ಎಳೆದರೆ ಗೆರೆ ನಿಧಾನಕ್ಕೆ ಕೂಡಿಕೊಳ್ಳಬೇಕು.

ಮೊದಲು 50 ಮಿಲಿಲೀಟರ್ ತಣ್ಣನೆಯ ಹಾಲನ್ನು ಕಸ್ಟರ್ಡ್ ಪುಡಿ ಕಲಸಲು ಎತ್ತಿಡಿ. ಖಾಲಿ ಕಡಾಯಿಯ ತೂಕ ಬರೆದುಕೊಳ್ಳಿ. ಉಳಿದ ಹಾಲು ಸುಮಾರು 980 ಗ್ರಾಂ. ಅಗಲ ಕಡಾಯಿಯಲ್ಲಿ ಮಧ್ಯಮ ಉರಿಯಲ್ಲಿ ಕುದಿಸುತ್ತ, ತಳ ಕೆರೆಯುತ್ತ, ಬದಿಗೆ ಹತ್ತಿದ ಕೆನೆಯನ್ನು ಮತ್ತೆ ಒಳಗೆ ನೂಕುತ್ತ ಹೋದರೆ 35–40 ನಿಮಿಷದಲ್ಲಿ 620 ಗ್ರಾಂಗೆ ಇಳಿಯುತ್ತದೆ. ಆಗ ಅದರಲ್ಲಿ ಸರಿಸುಮಾರು ಕಾಲು ಭಾಗ ಘನಾಂಶ. ರಬಡಿಯಷ್ಟು ಗಟ್ಟಿಯಲ್ಲ, ಕುಡಿಯುವ ಹಾಲಿನಷ್ಟು ತೆಳುವೂ ಅಲ್ಲ. ಸಕ್ಕರೆ ಹಾಕುವುದು ಈಗ, ಮೊದಲಲ್ಲ. ಮೊದಲೇ ಹಾಕಿದರೆ ತಳ ಬೇಗ ಹಿಡಿಯುತ್ತದೆ. 80 ಗ್ರಾಂ ಸಕ್ಕರೆ, ಕುಟ್ಟಿದ ಯಾಲಕ್ಕಿ, ಕೇಸರಿ ಹಾಕಿ ಎರಡು ನಿಮಿಷ ಕುದಿಸಿ ಇಳಿಸಿದರೆ ಒಟ್ಟು 700 ಗ್ರಾಂ.

ಸಕ್ಕರೆ ಇಲ್ಲಿ ಸಿಹಿಗೆ ಮಾತ್ರ ಅಲ್ಲ. ಅದು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ರೆಡ್ಡಿನ ಪಿಷ್ಟ ಮಿತಿಮೀರಿ ಉಬ್ಬುವುದಿಲ್ಲ. ಸಪ್ಪೆ ಹಾಲಿನಲ್ಲಿ ನೆನೆಸಿ ಮೇಲೆ ಸಿಹಿ ರಬಡಿ ಸುರಿಯುವವರ ಬ್ರೆಡ್ಡು ಬೇಗ ಒಡೆಯಲು ಇದೂ ಒಂದು ಕಾರಣ. ಸಕ್ಕರೆಯ ಬದಲು ಬೆಲ್ಲ ಹಾಕುವ ಮನಸ್ಸಿದ್ದರೆ ಎಚ್ಚರ: ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಹಾಲು ಒಡೆಯಬಹುದು, ಗಟ್ಟಿ ಹಾಲಿನಲ್ಲಿ ಇನ್ನೂ ಬೇಗ. ಈ ತಿಂಡಿಗೆ ಹಾಲು ಬಿಸಿಯಾಗಿಯೇ ಬೇಕಾದ್ದರಿಂದ ಬೆಲ್ಲ ಹೊಂದುವುದಿಲ್ಲ.

ನಲವತ್ತು ನಿಮಿಷ ಒಲೆಯ ಮುಂದೆ ನಿಲ್ಲಲು ಆಗದಿದ್ದರೆ ಖವಾ ದಾರಿ ಇದೆ. ಅರ್ಧ ಲೀಟರ್ ಹಾಲು, ಅದಕ್ಕೆ ಸಿಹಿಯಿಲ್ಲದ ತಾಜಾ ಖವಾ 100 ಗ್ರಾಂ. ಖವಾವನ್ನು ತುರಿದು ಬೆಚ್ಚಗಿನ ಹಾಲಿನಲ್ಲಿ ಕಲೆಸಿ, ಒಂದು ಕುದಿ ಬರಿಸಿ, ಜರಡಿ ಹಿಡಿದರೆ ಸುಮಾರು ಅಷ್ಟೇ ತೂಕ, ಅಷ್ಟೇ ಗಟ್ಟಿತನ ಬರುತ್ತದೆ. ಕಸ್ಟರ್ಡ್ ಪುಡಿ ಕಲಸುವ 50 ಮಿಲಿಲೀಟರ್ ಇದರ ಹೊರಗಿನದು. ಕುದಿಸಿ ಇಳಿಸಿದ ಹಾಲಿನ ಪರಿಮಳ ಇದಕ್ಕಿರುವುದಿಲ್ಲ, ಮತ್ತೆ ಹುಳಿ ತಿರುಗಿದ ಖವಾ ಇದ್ದರೆ ಇಡೀ ಪಾತ್ರೆ ಒಡೆದು ಹೋಗುತ್ತದೆ. ಕೊಳ್ಳುವಾಗಲೇ ಚಿಟಿಕೆ ಬಾಯಿಗೆ ಹಾಕಿ ನೋಡಿಕೊಳ್ಳಿ.

ಕರಿಯುವುದು: ಗುಳ್ಳೆ ನೋಡಿ, ಬಣ್ಣ ಆಮೇಲೆ

ಸಣ್ಣ ಕಡಾಯಿಯಲ್ಲಿ ತುಪ್ಪ, 160–165 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಬ್ರೆಡ್ಡಿನ ಒಂದು ಚೂರು ಹಾಕಿ: ಅದು ಕೂಡಲೇ ಮೇಲೆದ್ದು ಸುತ್ತಲೂ ಒಂದೇ ಸಮ ಗುಳ್ಳೆ ಬಿಡಬೇಕು, ಆದರೆ ಇಪ್ಪತ್ತು ಎಣಿಸುವ ತನಕ ಕೆಂಪಗಾಗಬಾರದು. ಒಂದು ಸಲಕ್ಕೆ ಮೂರು ಅಥವಾ ನಾಲ್ಕೇ ತ್ರಿಕೋನ.

ತ್ರಿಕೋನ ಬಿದ್ದ ಕೂಡಲೇ ದೊಡ್ಡ ಗುಳ್ಳೆಗಳು ಜೋರಾಗಿ ಏಳುತ್ತವೆ. ಅದು ಬ್ರೆಡ್ಡಿನ ನೀರು ಆವಿಯಾಗಿ ಹೊರಬರುವ ಸದ್ದು. ಅರ್ಧ ನಿಮಿಷಕ್ಕೊಮ್ಮೆ ಮಗುಚುತ್ತ ನೋಡುತ್ತಿದ್ದರೆ ಗುಳ್ಳೆ ಸಣ್ಣದಾಗುತ್ತ ಅಂಚಿಗೆ ಸರಿಯುತ್ತದೆ, ಸದ್ದು ಇಳಿಯುತ್ತದೆ. ಎರಡೂವರೆ ನಿಮಿಷದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗುಳ್ಳೆ ಉಳಿದಿರುತ್ತದೆ, ಬಣ್ಣ ತಿಳಿ ಕಂದು. ತೆಗೆಯುವುದು ಆಗಲೇ. ತೆಗೆದ ಮೇಲೂ ಬಣ್ಣ ಒಂದು ಛಾಯೆ ಏರುತ್ತದೆ, ಆದ್ದರಿಂದ ಬೇಕಾದ ಬಣ್ಣ ಬರುವವರೆಗೆ ಕಾಯಬೇಡಿ.

ತುಪ್ಪ ಹೊಗೆಯಾಡುವಷ್ಟು ಕಾದಿದ್ದರೆ ಒಂದೇ ನಿಮಿಷಕ್ಕೆ ಚಂದದ ಬಣ್ಣ ಬಂದುಬಿಡುತ್ತದೆ, ನೋಡಿದವರು ಮೋಸ ಹೋಗುತ್ತಾರೆ. ಒಂದನ್ನು ಮುರಿದು ನೋಡಿದರೆ ಒಳಗೆ ಬಿಳಿ, ಹಸಿ, ಅಂಟು. ಇಂಥದ್ದಕ್ಕೆ ಹಾಲು ಹಾಕಿದರೆ ಗಟ್ಟಿ ಸಿಪ್ಪೆಯ ಒಳಗೆ ಹಿಟ್ಟಿನ ಮುದ್ದೆ ಆಗುತ್ತದೆ. ಇದನ್ನು ಸರಿಪಡಿಸಬಹುದು: ಬಣ್ಣ ಬಂದ ತ್ರಿಕೋನಗಳನ್ನು 110–120 ಡಿಗ್ರಿ ಓವನ್ನಿನಲ್ಲಿ ಅಥವಾ ಸಣ್ಣ ಉರಿಯ ತವೆಯ ಮೇಲೆ ಹತ್ತು ನಿಮಿಷ ಇಟ್ಟು ಒಳಗನ್ನು ಒಣಗಿಸಿ. ಉಲ್ಟಾ ತಪ್ಪಾದರೆ, ಅಂದರೆ ತುಪ್ಪ ಕಾಯದೆ ಹಾಕಿದ್ದರೆ, ದುರಸ್ತಿ ಇಲ್ಲ. ಬ್ರೆಡ್ಡಿನ ರಂಧ್ರಗಳಲ್ಲಿ ತುಪ್ಪ ತುಂಬಿಕೊಂಡು ಹಾಲಿಗೆ ಜಾಗವೇ ಇರುವುದಿಲ್ಲ, ಫ್ರಿಜ್ಜಿನಲ್ಲಿಟ್ಟ ಮೇಲೆ ಅದೇ ತುಪ್ಪ ಬಿಳಿ ಹರಳಾಗಿ ನಾಲಿಗೆಗೆ ಮೇಣದ ಹಾಗೆ ಹತ್ತುತ್ತದೆ.

ಕರಿದದ್ದನ್ನು ಜಾಳಿಯ ಮೇಲೆ ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ತಟ್ಟೆಯಲ್ಲಿ ಒಂದರ ಮೇಲೊಂದು ಹೇರಿದರೆ ಕೆಳಗಿನದರ ಹಬೆ ಮೇಲಿನದನ್ನು ಮತ್ತೆ ಮೆತ್ತಗೆ ಮಾಡುತ್ತದೆ. ಹದಿನಾರನ್ನೂ ತೂಗಿದರೆ ಸುಮಾರು 165 ಗ್ರಾಂ ಬರುತ್ತದೆ. ಕರಿದ ಮೇಲೆ ತೂಕ ಏರಿತಲ್ಲ ಎಂದು ಗಾಬರಿ ಬೇಡ: 30 ಗ್ರಾಂ ನೀರು ಹೋಗಿದೆ, 45 ಗ್ರಾಂ ತುಪ್ಪ ಬಂದಿದೆ. 180 ದಾಟಿದ್ದರೆ ಮಾತ್ರ ತುಪ್ಪ ಕಡಿಮೆ ಕಾದಿತ್ತು ಎಂದು ಅರ್ಥ.

ಕುಡಿಸುವುದು

ಇಡೀ ಕೆಲಸದ ಕೀಲು ಇಲ್ಲಿದೆ. ತೆಳು ಹಾಲು ಬೇಗ ಒಳಗೆ ಇಳಿಯುತ್ತದೆ, ಆದರೆ ಒಳಗೆ ನಿಲ್ಲುವುದಿಲ್ಲ. ಗಟ್ಟಿ ಕಸ್ಟರ್ಡ್ ನಿಲ್ಲುತ್ತದೆ, ಆದರೆ ಒಳಗೆ ಇಳಿಯುವುದಿಲ್ಲ. ಅದಕ್ಕೆ ಹಾಲನ್ನು ಎರಡು ಪಾಲು ಮಾಡಬೇಕು. 700 ಗ್ರಾಂನಲ್ಲಿ 320 ಗ್ರಾಂ ಕುಡಿಸಲು, ಅದಕ್ಕೆ ಕಸ್ಟರ್ಡ್ ಪುಡಿ ಹಾಕುವುದಿಲ್ಲ. ಉಳಿದ 380 ಗ್ರಾಂ ಮೇಲೆ ಸುರಿಯಲು. ಕುಡಿಸುವ ಹಾಲು ಕರಿದ ಬ್ರೆಡ್ಡಿನ ತೂಕದ ಸುಮಾರು ಎರಡು ಪಟ್ಟು, ಇದನ್ನು ನೆನಪಿಟ್ಟುಕೊಂಡರೆ ಎಷ್ಟು ದೊಡ್ಡ ಟ್ರೇಯಾದರೂ ಮಾಡಬಹುದು.

ಕುಡಿಸುವ ಹಾಲು 65–70 ಡಿಗ್ರಿ ಇರಲಿ. ಕುದಿ ಇಳಿಸಿ ಮುಚ್ಚದೆ ಹತ್ತು ನಿಮಿಷ ಬಿಟ್ಟರೆ ಹತ್ತಿರ ಹತ್ತಿರ ಅಲ್ಲಿಗೆ ಬರುತ್ತದೆ: ಹಬೆ ಕಾಣುತ್ತದೆ, ಗುಳ್ಳೆ ಇರುವುದಿಲ್ಲ. ಕುದಿಯುವ ಹಾಲು ಮೇಲ್ಮೈಯನ್ನು ಒಡೆಯುತ್ತದೆ. ತಣ್ಣನೆಯ ಹಾಲು ತುಪ್ಪದ ಪದರವನ್ನು ದಾಟಲಾರದೆ ಮೇಲೇ ಕೂರುತ್ತದೆ, ಒಳಗೆ ಒಣ ಪಟ್ಟಿ ಉಳಿಯುವುದು ಹೆಚ್ಚಾಗಿ ಇದರಿಂದಲೇ.

ದೊಡ್ಡ ಪರಾತದಲ್ಲಿ ತ್ರಿಕೋನಗಳನ್ನು ಒಂದೇ ಪದರದಲ್ಲಿ ಹರವಿ. ಹಾಲಿನಲ್ಲಿ ಮುಳುಗಿಸುವ ಪದ್ಧತಿಯನ್ನು ಬಿಟ್ಟುಬಿಡಿ, ಮುಳುಗಿಸಿದಾಗ ಯಾವುದು ಎಷ್ಟು ಕುಡಿಯಿತು ಎಂಬುದಕ್ಕೆ ಹಿಡಿತವಿಲ್ಲ. ಪ್ರತಿ ತ್ರಿಕೋನಕ್ಕೆ ಚಹಾ ಚಮಚದಿಂದ ಎರಡು ಚಮಚ ಹಾಲನ್ನು ಮೇಲೆಲ್ಲ ಹರಡುವಂತೆ ಹಾಕಿ. ಐದು ನಿಮಿಷ ಬಿಟ್ಟು ಮಗುಚಿ, ಇನ್ನೆರಡು ಚಮಚ. ಮತ್ತೆ ಹತ್ತು ನಿಮಿಷ. ಒಂದು ತ್ರಿಕೋನ 10 ಗ್ರಾಂ ಇದ್ದದ್ದು 30 ಗ್ರಾಂ ಆಗಿರುತ್ತದೆ.

ಹದವನ್ನು ಬೆರಳಿನಿಂದ ನೋಡಬೇಕು. ನಡುವೆ ಮೆಲ್ಲಗೆ ಒತ್ತಿದರೆ ಹಾಲು ಒಸರಿ, ಬೆರಳು ತೆಗೆದ ಕೂಡಲೇ ಮತ್ತೆ ಒಳಗೆ ಹೋಗಬೇಕು, ತಗ್ಗಿದ ಜಾಗ ಮೇಲೇಳಬೇಕು. ಒಸರಿದ ಹಾಲು ಹೊರಗೇ ನಿಂತರೆ, ಬೆರಳಚ್ಚು ಹಾಗೇ ಉಳಿದರೆ ಅದು ಕುಡಿದದ್ದು ಜಾಸ್ತಿ. ಏನೂ ಒಸರದಿದ್ದರೆ ಇನ್ನೂ ಸಮಯ ಬೇಕು. ನಂಬಿಕೆ ಬಾರದಿದ್ದರೆ ಒಂದನ್ನು ಬಲಿ ಕೊಟ್ಟು ನಡುವೆ ಕತ್ತರಿಸಿ: ಅಂಚಿನಿಂದ ನಡುವಿನ ತನಕ ಒಂದೇ ಕೆನೆಬಣ್ಣ ಇರಬೇಕು. ನಡುವೆ ಬಿಳಿ ಗೆರೆ ಕಂಡರೆ ಉಳಿದವುಗಳಿಗೆ ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ, ಇನ್ನಷ್ಟು ಹಾಲು ಹಾಕಬೇಡಿ. ಸಾಮಾನ್ಯವಾಗಿ ಹಾಲು ಸಾಕಷ್ಟು ಇರುತ್ತದೆ, ಹಂಚಿಕೊಳ್ಳಲು ಹೊತ್ತು ಬೇಕಾಗಿರುತ್ತದೆ ಅಷ್ಟೇ.

ಬಹಳ ಕಡೆ ಹಾಲಿನ ಬದಲು ಸಕ್ಕರೆ ಪಾಕದಲ್ಲಿ ಅದ್ದುತ್ತಾರೆ. ಅದು ತಪ್ಪಲ್ಲ, ಬೇರೆ ತಿಂಡಿ. ಪಾಕ ಕುಡಿದ ಬ್ರೆಡ್ಡು ಒಳಗೆ ರಸ ತುಂಬಿ ಸಿಹಿಯಾಗಿ, ಹೊರಗೆ ಸ್ವಲ್ಪ ಗರಿಯಾಗಿ ಇರುತ್ತದೆ, ಬಡಿಸುವ ಹೊತ್ತಿಗೆ ಮೇಲೆ ರಬಡಿ ಹಾಕಿದರಾಯಿತು. ದೊಡ್ಡ ಊಟಗಳಿಗೆ ಅದೇ ಅನುಕೂಲ. ಒಳಗೆಲ್ಲ ಹಾಲಿನ ಮೆತ್ತನೆ ಬೇಕೆಂದರೆ ಪಾಕ ಆಗುವುದಿಲ್ಲ.

ಸುರಿದು ನಿಲ್ಲಿಸುವುದು

ಎತ್ತಿಟ್ಟ 50 ಮಿಲಿಲೀಟರ್ ತಣ್ಣನೆಯ ಹಾಲಿಗೆ 12 ಗ್ರಾಂ ಕಸ್ಟರ್ಡ್ ಪುಡಿ ಕಲಸಿ, 380 ಗ್ರಾಂ ಹಾಲು ಕುದಿಯುತ್ತಿರುವಾಗ ಸಣ್ಣ ಧಾರೆಯಲ್ಲಿ ಹಾಕುತ್ತ ತಿರುವಿ. ಗಟ್ಟಿಯಾದ ಕೂಡಲೇ ಒಲೆ ಆರಿಸುವುದು ಎಲ್ಲರೂ ಮಾಡುವ ತಪ್ಪು. ಕಸ್ಟರ್ಡ್ ಪುಡಿ ಅಂದರೆ ಬಹುಪಾಲು ಕಾರ್ನ್‌ಫ್ಲೋರ್, ಅದು ಪೂರ್ತಿ ಬೇಯಬೇಕಾದರೆ ಕುದಿಯ ಹತ್ತಿರ ಎರಡು ನಿಮಿಷ ಬೇಕು. ಬೇಯದಿದ್ದರೆ ನಾಲಿಗೆಗೆ ಸುಣ್ಣದ ಪುಡಿಯಂಥ ಒರಟು ಸಿಗುತ್ತದೆ, ಮರುದಿನ ಟ್ರೇಯ ಮೂಲೆಯಲ್ಲಿ ನೀರು ಬಿಡುತ್ತದೆ. ಬಿಸಿಯಿದ್ದಾಗ ಇದು ಸುರಿಯಲು ಬರುವ ದೋಸೆ ಹಿಟ್ಟಿನಷ್ಟೇ ಇರಬೇಕು. ಒಲೆಯ ಮೇಲೇ ಮುದ್ದೆಯಾದರೆ ತಣಿದ ಮೇಲೆ ರಬ್ಬರ್ ಆಗುತ್ತದೆ. ಹಾಗಾದರೆ ಎರಡು ಮೂರು ಚಮಚ ಬಿಸಿ ಹಾಲು ಸೇರಿಸಿ ಸಡಿಲ ಮಾಡಿ.

ಟ್ರೇಯ ತಳಕ್ಕೆ ಒಂದು ಸೌಟು ಕಸ್ಟರ್ಡ್ ಹರಡಿ. ಅಗಲ ಝಾರಿಯಿಂದ ತ್ರಿಕೋನಗಳನ್ನು ಎತ್ತಿ ಎಂಟನ್ನು ಜೋಡಿಸಿ, ಉಳಿದದ್ದರಲ್ಲಿ ಮೂರನೇ ಒಂದು ಭಾಗ ಸುರಿಯಿರಿ. ಮೇಲೆ ಇನ್ನೆಂಟು, ಕೆಳಗಿನ ಸಂದುಗಳ ಮೇಲೆ ಹೋಳು ಬರುವ ಹಾಗೆ. ಉಳಿದ ಕಸ್ಟರ್ಡೆಲ್ಲ ಮೇಲೆ. ಟ್ರೇಯನ್ನು ಕಟ್ಟೆಯ ಮೇಲೆ ನಾಲ್ಕು ಸಲ ಮೆಲ್ಲಗೆ ಕುಟ್ಟಿದರೆ ಸಂದುಗಳಲ್ಲಿ ಸಿಕ್ಕ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಸುರಿಯುವಾಗ ಬ್ರೆಡ್ಡೂ ಕಸ್ಟರ್ಡೂ ಎರಡೂ ಬೆಚ್ಚಗಿರಲಿ. ಬ್ರೆಡ್ಡು ತಣಿದಿದ್ದರೆ ಮುಟ್ಟಿದ ಜಾಗದಲ್ಲೇ ಕಸ್ಟರ್ಡ್ ಹೆಪ್ಪುಗಟ್ಟಿ ಪದರ ಬೇರೆ ಬೇರೆಯಾಗುತ್ತದೆ, ಕತ್ತರಿಸಿದಾಗ ಜಾರುತ್ತದೆ.

ಹೊರಗೆ ಸುಮಾರು ಒಂದು ತಾಸು ಆರಲು ಬಿಡಿ, ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚು ಬೇಡ. ಫ್ರಿಜ್ಜಿಗೆ ಇಡುವಾಗ ಮುಚ್ಚಳದ ಕೆಳಗೆ ಒಣ ತೆಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಮುಚ್ಚಳದ ಹನಿ ಮೇಲೆ ಬಿದ್ದು ಕುಳಿಯಾಗುತ್ತದೆ. ನಾಲ್ಕು ತಾಸು ಕಡಿಮೆಯೆಂದರೆ. ಈ ಹೊತ್ತಿನಲ್ಲಿ ಹಾಲಿನ ಕೊಬ್ಬು ಗಟ್ಟಿಯಾಗುತ್ತದೆ, ಕಾರ್ನ್‌ಫ್ಲೋರ್ ಹೆಪ್ಪಾಗುತ್ತದೆ, ಬ್ರೆಡ್ಡಿನ ಪಿಷ್ಟವೂ ಮತ್ತೆ ಬಿಗಿದುಕೊಂಡು ಒಳಗಿನ ಹಾಲನ್ನು ಹಿಡಿಯುತ್ತದೆ. ಎರಡು ತಾಸಿಗೇ ಚಾಕು ಹಾಕಿ "ಹಸಿ ಹಸಿ ಆಗ್ಯದ" ಎನ್ನುವುದು ಆತುರದ ಮಾತು.

ಕರಿಯದೆ, ಟೋಸ್ಟ್ ಮಾಡಿ

ತುಪ್ಪ ಕಡಿಮೆ ಸಾಕು ಎನ್ನುವವರಿಗೆ ಓವನ್ ದಾರಿ ಚೆನ್ನಾಗಿ ನಡೆಯುತ್ತದೆ, ಆದರೆ ಕರಿದದ್ದರ ಲೆಕ್ಕವನ್ನೇ ಹಾಕಿದರೆ ಕೆಡುತ್ತದೆ. 150 ಡಿಗ್ರಿಯಲ್ಲಿ 25 ನಿಮಿಷ, ನಡುವೆ ಒಮ್ಮೆ ಮಗುಚಿ, ಮುರಿದರೆ ಒಳಗೂ ಗರಿಗರಿ ಆಗುವವರೆಗೆ. ತ್ರಿಕೋನ ಏಳೆಂಟು ಗ್ರಾಂಗೆ ಇಳಿಯುತ್ತದೆ. ಹೊರಬಂದ ಕೂಡಲೇ ಕರಗಿದ ತುಪ್ಪ ಅರ್ಧ ಚಮಚದಷ್ಟು ಎರಡೂ ಬದಿಗೆ ಸವರಿ. ಇದಕ್ಕೆ ತುಪ್ಪದ ತಡೆ ಕಡಿಮೆಯಾದ್ದರಿಂದ ಹಾಲನ್ನು ಗಟಗಟ ಎಳೆಯುತ್ತದೆ, ಮೇಲ್ಮೈ ಬೇಗ ಸೋಲುತ್ತದೆ. ಬದಿಗೆ ಒಂದೂವರೆ ಚಮಚ ಹಾಲು ಸಾಕು, ಅದೂ ಉಗುರುಬೆಚ್ಚಗಿಂತ ಸ್ವಲ್ಪ ಮೇಲೆ, 50 ಡಿಗ್ರಿ. ಕಾಯುವ ಹೊತ್ತು ಅರ್ಧ. ಉಳಿದ ಹಾಲನ್ನು ಮೇಲಿನ ಪಾಲಿಗೆ ಸೇರಿಸಿ, ಕಸ್ಟರ್ಡ್ ಪುಡಿ 14 ಗ್ರಾಂ ಮಾಡಿ.

ನೆಗೆದು ಬೀಳುವ ಟೋಸ್ಟರ್ ಇದಕ್ಕೆ ಬರುವುದಿಲ್ಲ, ಅದು ಮುಖ ಮಾತ್ರ ಸುಡುತ್ತದೆ, ಹೊಟ್ಟೆ ಹಸಿಯಾಗಿಯೇ ಇರುತ್ತದೆ. ಬೇಕರಿಯಲ್ಲಿ ಸಿಗುವ ಚಹಾ ಟೋಸ್ಟ್ ಸಿಹಿಯಾಗಿಯೂ ಪುಡಿಪುಡಿಯಾಗಿಯೂ ಇರುವುದರಿಂದ ಹಾಲು ಬಿದ್ದ ಕೂಡಲೇ ಕುಸಿಯುತ್ತದೆ.

ಕತ್ತರಿಸುವುದು, ಇಡುವುದು

ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಮೇಲಿನಿಂದ ನೇರ ಕೆಳಗೆ ಒತ್ತಿ, ಗರಗಸದ ಹಾಗೆ ಎಳೆಯಬೇಡಿ. ಮೊದಲ ತುಂಡು ತೆಗೆದ ಜಾಗವನ್ನು ಐದು ನಿಮಿಷ ನೋಡಿ. ಗೋಡೆ ನಿಂತಿದ್ದು ತಳ ಒಣಗಿದ್ದರೆ ಸರಿಯಾಗಿದೆ. ಬಿಳಿಚಿದ ತೆಳು ನೀರು ಬಂದರೆ ಹಾಲು ಕುದಿದು ಸಾಕಷ್ಟು ಗಟ್ಟಿಯಾಗಿರಲಿಲ್ಲ ಅಥವಾ ಕಸ್ಟರ್ಡ್ ಬೆಂದಿರಲಿಲ್ಲ. ಗಟ್ಟಿ ಹಾಲೇ ನಿಧಾನಕ್ಕೆ ಒಸರಿದರೆ ಬ್ರೆಡ್ಡಿಗೆ ಕುಡಿಸಿದ್ದು ಹೆಚ್ಚಾಯಿತು. ಮೇಲೆ ಹಳದಿ-ಬಿಳಿ ಪೊರೆ ಕಂಡರೆ ಅದು ತುಪ್ಪ, ಕರಿಯುವಾಗಿನ ಕಥೆ.

ಪೇಡೆಯನ್ನು ಹಾಲಿಗೆ ಹಾಕಬೇಡಿ. ಧಾರವಾಡ ಪೇಡೆ ಚೆನ್ನಾಗಿ ಹುರಿದು ಕಂದಾದ ಖವಾ, ಅದರ ಹರಳು ಹಾಲಿನಲ್ಲಿ ಕರಗದೆ ಮರಳಿನ ಹಾಗೆ ತಳಕ್ಕೆ ಕೂರುತ್ತದೆ. ಕೈಯಿಂದ ಪುಡಿ ಮಾಡಿ ಬಡಿಸುವ ಮುಂಚೆ ಮೇಲೆ ಉದುರಿಸಿದರೆ ಅದೇ ಹರಳು ಹಲ್ಲಿಗೆ ಹಿತವಾಗಿ ಸಿಗುತ್ತದೆ. ಪಿಸ್ತಾ ಬಾದಾಮಿಯೂ ಆಗಲೇ, ಮೊದಲೇ ಹಾಕಿದರೆ ಮೆತ್ತಗಾಗುತ್ತವೆ.

ಮಾಡಿದ ರಾತ್ರಿಗಿಂತ ಮರುದಿನ ಮಧ್ಯಾಹ್ನ ಇದು ಚೆನ್ನಾಗಿರುತ್ತದೆ. ಎರಡನೇ ದಿನ ದಾಟಿದರೆ ಪಿಷ್ಟ ಬಿಗಿಯುತ್ತ ಹೋಗಿ ಹಾಲನ್ನು ಹೊರಗೆ ನೂಕಲು ಶುರುಮಾಡುತ್ತದೆ. ಫ್ರೀಜರಿನಲ್ಲಿ ಇಡಲೇಬಾರದು, ಕರಗಿದಾಗ ಕಸ್ಟರ್ಡ್ ಒಡೆದು ನೀರು ಬೇರೆ, ಬ್ರೆಡ್ಡು ಬೇರೆ ಆಗುತ್ತದೆ. ನಾಳೆ ಮಧ್ಯಾಹ್ನದ ಊಟಕ್ಕೆ ಬೇಕಿದ್ದರೆ ಇವತ್ತು ಬೆಳಿಗ್ಗೆ ಬ್ರೆಡ್ಡು ಒಣಗಲು ಹಾಕಿ, ಸಂಜೆ ಕರಿದು ಕುಡಿಸಿ, ರಾತ್ರಿ ಮಲಗುವ ಮುಂಚೆ ಟ್ರೇಯನ್ನು ಫ್ರಿಜ್ಜಿಗೆ ಇಟ್ಟರೆ ಹೊತ್ತು ಸರಿಹೊಂದುತ್ತದೆ.